ಗುಡಿಸೋ, ಎತ್ವವೋ

ನಿನ್ನ ಮುತ್ತಜ್ಜಿಗೆ ಅವರ ಅಣ್ಣ ಬರೆದ ಕಾಗದವನ್ನು ಟೈಪು ಮಾಡಿ ಕಳಿಸಿದ್ದಕ್ಕೆ ನಿನ್ನಿಂದ ಬಂದ ಮೊದಲ ಮಾತು, ‘ಇದೇನು ಮಾರಾಯ್ತಿ, ಸಾಲಿಗೊಂದು ಪ್ರಶ್ನಾರ್ಥಕ? ನನಗೇ ಸಲೀಸಾಗಿ ಓದಲಿಕ್ಕೆ ಬರುತ್ತಲ್ಲ!’ ಎಂದು. ಓದಲಿಕ್ಕೆ ಬರುತ್ತದೆ, ನಿಜ. ನನಗೂ ಬಂತು. ತೊಂದರೆ ಇರುವುದೇ ಅಲ್ಲಿ. ಕಣ್ಣು ಅಕ್ಷರವನ್ನು ಪೂರ್ತಿ ನೋಡುವ ಮೊದಲೇ ಮನಸ್ಸು ಪದವನ್ನು ಓದಿ ಮುಗಿಸಿ ಮುಂದಿನ ಸಾಲಿಗೆ ಹೋಗಿರುತ್ತದೆ. ಆಮೇಲೆ ಯಾರಾದರೂ ‘ಅಲ್ಲಿ ಏನಿದೆ?’ ಎಂದರೆ ನಾವು ಹೇಳುವುದು ಮನಸ್ಸು ಓದಿದ್ದನ್ನು. ಕಾಗದದ ಮೇಲೆ ಇರುವುದು ಏನು ಎನ್ನುವುದು ಬೇರೆಯೇ ಪ್ರಶ್ನೆ. ನಾನು ಗುರುತು ಹಾಕಿರುವುದೆಲ್ಲ ಆ ಎರಡನೇ ಪ್ರಶ್ನೆಗೆ.

ಮೊದಲು ಗುರುತಿನ ಲೆಕ್ಕ ಹೇಳಿಬಿಡುತ್ತೇನೆ. ಅದರಲ್ಲಿ ಎರಡು ಜಾತಿ ಇವೆ. ಕಾಗದದ ಮೊದಲ ಸಾಲಿನಲ್ಲಿ ‘ಉಭಯಕು[ಶಲೋ]ಪರಿ’ ಎಂದು ಹಾಕಿದ್ದೇನೆ ನೋಡು, ಅಲ್ಲಿ ಪ್ರಶ್ನಾರ್ಥಕ ಇಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರಿಂದ ಮಡಿಕೆಯ ಗೆರೆಯಲ್ಲಿ ಎರಡು ಅಕ್ಷರ ಉದುರಿಹೋಗಿವೆ. ಆದರೆ ಆ ಕಾಲದ ಕಾಗದಗಳಲ್ಲಿ ಹತ್ತಕ್ಕೆ ಎಂಟು ‘ಉಭಯಕುಶಲೋಪರಿ ಸಾಂಪ್ರತ’ ಎಂದೇ ಶುರುವಾಗುತ್ತವೆ, ಅಲ್ಲಿ ಬೇರೆ ಏನೂ ಕೂರುವುದಿಲ್ಲ. ಹಾಗಾಗಿ ಅದು ‘ಕಾಗದದಲ್ಲಿ ಈಗ ಇಲ್ಲ, ಆದರೆ ಇದ್ದದ್ದು ಇದೇ’ ಎಂಬ ಗುರುತು. ಇನ್ನೊಂದು ಜಾತಿ ‘[ಅತ್ತಿಗೆ?]’ ಎಂಬಂಥದ್ದು. ಅಲ್ಲಿ ಅಕ್ಷರ ಇದೆ, ಶಾಯಿ ಇದೆ, ಬೆರಳಿಟ್ಟು ತೋರಿಸಬಹುದು. ಆದರೆ ಅದು ಯಾವ ಅಕ್ಷರ ಎಂದು ಆಣೆ ಇಟ್ಟು ಹೇಳಲು ಬರುವುದಿಲ್ಲ. ಇಲ್ಲದ ಅಕ್ಷರ ಖಚಿತವಾಗಿ, ಇರುವ ಅಕ್ಷರ ಅನುಮಾನವಾಗಿ ಉಳಿಯುವುದು ನನಗೆ ಈ ಕೆಲಸದಲ್ಲಿ ಮೊದಲು ಬೆರಗು ಹುಟ್ಟಿಸಿದ ಸಂಗತಿ.

ಇದು ಹಳೆಯ ಕಾಗದ ಓದಿ ಟೈಪು ಮಾಡುವ ನಮ್ಮ ಗುಂಪಿನವರು ಕೂತು ಕಟ್ಟಿದ ನಿಯಮವಲ್ಲ. ಶಾಸನ ಓದುವವರು ಬಹಳ ಹಿಂದಿನಿಂದ ಮಾಡಿಕೊಂಡು ಬಂದದ್ದು. ಯುರೋಪಿನಲ್ಲಿ ಗ್ರೀಕ್, ಲ್ಯಾಟಿನ್ ಬರಹಗಳನ್ನು ಓದುವ ವಿದ್ವಾಂಸರು 1931ರಲ್ಲಿ ಲೈಡನ್ ಊರಿನಲ್ಲಿ ಸೇರಿ, ಎಲ್ಲರೂ ಒಂದೇ ರೀತಿ ಗುರುತು ಹಾಕೋಣ ಎಂದು ಒಪ್ಪಿಕೊಂಡರು. ಕಳೆದುಹೋದದ್ದನ್ನು ತುಂಬಿಸಿದರೆ ಚೌಕದ ಆವರಣ, ಇರುವ ಅಕ್ಷರ ಅನುಮಾನವಾದರೆ ಅದರ ಕೆಳಗೊಂದು ಚುಕ್ಕೆ. ಆ ಚುಕ್ಕೆ ಬಹಳ ಸೊಗಸು, ಓದಿಗೆ ಅಡ್ಡ ಬರುವುದಿಲ್ಲ. ಕನ್ನಡಕ್ಕೆ ಮಾತ್ರ ಅದು ಒಗ್ಗುವುದಿಲ್ಲ. ನಮ್ಮ ಅಕ್ಷರದ ಕೆಳಗೆ ಒತ್ತಕ್ಷರ ಕೂರುತ್ತದಲ್ಲ, ಅಲ್ಲಿ ಚುಕ್ಕೆ ಇಟ್ಟರೆ ಯಾವುದರ ಚುಕ್ಕೆ ಎಂದು ಇನ್ನೊಂದು ಅನುಮಾನ ಹುಟ್ಟುತ್ತದೆ! ಅದಕ್ಕೇ ಈ ಒರಟು ಪ್ರಶ್ನಾರ್ಥಕ. ನಿನ್ನ ಕಣ್ಣಿಗೆ ಚುಚ್ಚಿದ್ದು ಸರಿಯೇ, ಕ್ಷಮಿಸು.

ಈಗ ನೀನು ಜಗಳ ತೆಗೆದ ಆ ಸಾಲಿಗೆ ಬರೋಣ. ಎರಡನೇ ಪುಟ, ಕೆಳಗಿನಿಂದ ನಾಲ್ಕನೆಯದು. ‘ನಿನ್ನ ಅತ್ತಿಗೆ ಹೇಳಿದ ಮಾತು ಮರೆಯಬೇಡ.’ ನಿನ್ನ ಪ್ರಕಾರ ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಮುತ್ತಜ್ಜಿ ಗಂಡನ ಮನೆಯಿಂದ ತವರಿಗೆ ಬಂದು ಬಹಳ ಕಾಲ ನಿಂತದ್ದು, ಅದಕ್ಕೆ ಅವರ ಅಣ್ಣನ ಹೆಂಡತಿಯೇ ಕಿವಿಯೂದಿದ್ದು ಎಂದು ನಿಮ್ಮ ಮನೆಯಲ್ಲಿ ಮೂರು ತಲೆಮಾರು ಹೇಳಿಕೊಂಡು ಬಂದಿದ್ದಾರೆ. ಅಣ್ಣ ತನ್ನ ಹೆಂಡತಿಯನ್ನೇ ತಂಗಿಯ ಕಡೆಯಿಂದ ಕರೆದು ‘ನಿನ್ನ ಅತ್ತಿಗೆ’ ಎಂದಿದ್ದಾನೆ, ಆಕೆ ಹೇಳಿಕೊಟ್ಟ ಮಾತನ್ನು ನೆನಪಿಸಿದ್ದಾನೆ, ಕಥೆ ಪಕ್ಕಾ ಆಯಿತು ಎನ್ನುತ್ತೀಯ.

ಆದರೆ ಆ ‘ತ್ತಿ’ಯ ತಲೆಯನ್ನು ದೊಡ್ಡದು ಮಾಡಿ ನೋಡು. ಗುಡಿಸು ಆದರೆ ಗೆರೆ ಗುಂಡಗೆ ಸುತ್ತಿ ಬಾಯಿ ಮುಚ್ಚಬೇಕು. ಎತ್ವ ಆದರೆ ಕೊಕ್ಕೆಯಂತೆ ಬಾಗಿ ಬಾಯಿ ತೆರೆದೇ ಇರಬೇಕು. ಇಲ್ಲಿ ಗೆರೆ ಸುತ್ತಲು ಹೊರಟಿದೆ, ಮುಚ್ಚುವ ಜಾಗದಲ್ಲಿ ಶಾಯಿ ಇಲ್ಲ. ಮುಚ್ಚದೆ ಬಿಟ್ಟದ್ದೋ, ಮುಚ್ಚಿದ್ದು ಮಾಸಿದ್ದೋ? ಮುಚ್ಚಿತ್ತು ಎಂದುಕೊಂಡರೆ ‘ನಿನ್ನ ಅತ್ತಿಗೆ ಹೇಳಿದ ಮಾತು ಮರೆಯಬೇಡ’. ತೆರೆದಿತ್ತು ಎಂದುಕೊಂಡರೆ ‘ನಿನ್ನ ಅತ್ತೆಗೆ ಹೇಳಿದ ಮಾತು ಮರೆಯಬೇಡ’. ಮೊದಲನೆಯದರಲ್ಲಿ ಅತ್ತಿಗೆ ಹೇಳಿದ್ದಾಳೆ, ಮುತ್ತಜ್ಜಿ ಕೇಳಿದ್ದಾರೆ. ಎರಡನೆಯದರಲ್ಲಿ ಮುತ್ತಜ್ಜಿಯೇ ಹೇಳಿದ್ದಾರೆ, ಕೇಳಿದವರು ಅತ್ತೆ, ಅಂದರೆ ಅದು ಕೊಟ್ಟ ಮಾತು. ಒಂದರಲ್ಲಿ ತವರಿನ ಕಿವಿಮಾತು, ಇನ್ನೊಂದರಲ್ಲಿ ಗಂಡನ ಮನೆಗೆ ಕೊಟ್ಟ ಮಾತನ್ನು ಉಳಿಸಿಕೋ ಎಂಬ ಬುದ್ಧಿವಾದ. ನಿಮ್ಮ ಮನೆಯ ಮೂರು ತಲೆಮಾರಿನ ಕಥೆ ತಿರುಗಿ ನಿಲ್ಲುವುದು ಸಾಸಿವೆಯಷ್ಟು ಜಾಗದ ಮೇಲೆ.

ಆ ಸಾಸಿವೆಯಷ್ಟು ಜಾಗದಲ್ಲಿ ಶಾಯಿ ಯಾಕೆ ಇಲ್ಲ ಎನ್ನುವುದಕ್ಕೆ ಕಾಗದದಲ್ಲೇ ಒಂದು ವಿವರಣೆ ಇದೆ. ಅದನ್ನು ಗಮನಿಸಿದ ದಿನ ನನಗೆ ರಾತ್ರಿ ಊಟ ತಡವಾಯಿತು. ಬರೆದದ್ದು ಶಾಯಿಗೆ ಅದ್ದಿ ಬರೆಯುವ ಕಡ್ಡಿಯಲ್ಲಿ. ಒಮ್ಮೆ ಅದ್ದಿದರೆ ಐದಾರು ಪದ ಬರುತ್ತದೆ. ಅದ್ದಿದ ಕೂಡಲೇ ಬರೆದ ಪದ ಕಡು ನೇರಳೆ, ಆಮೇಲಾಮೇಲೆ ತೆಳು, ಕೊನೆಗೆ ಬರೀ ಮುಳ್ಳು ಗೀರಿದಷ್ಟು. ಮತ್ತೆ ಅದ್ದು, ಮತ್ತೆ ಕಡು. ಇಡೀ ಪುಟವನ್ನು ಸ್ವಲ್ಪ ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರೆ ಅಕ್ಷರ ಕಾಣುವುದಿಲ್ಲ, ಈ ಏರಿಳಿತ ಮಾತ್ರ ಕಾಣುತ್ತದೆ. ಎಲ್ಲಿ ಕೈ ನಿಂತಿತು, ಎಲ್ಲಿ ದೌತಿಯ ಕಡೆ ಹೋಯಿತು, ಎಲ್ಲಿ ‘ಇದೊಂದು ಪದ ಮುಗಿಸಿಬಿಡೋಣ’ ಎಂದು ಒಣ ಕಡ್ಡಿಯಲ್ಲೇ ಎಳೆದರು, ಎಲ್ಲ ಗೊತ್ತಾಗುತ್ತದೆ. ನಮ್ಮ ‘ಅತ್ತಿಗೆ’ ಅಂಥ ಒಣ ಕೊನೆಯಲ್ಲಿ ಬಿದ್ದಿದೆ. ಅದರ ಮುಂದಿನ ‘ಹೇಳಿದ’ ಹೊಸ ಶಾಯಿಯಲ್ಲಿ ಕೊಬ್ಬಿ ಕೂತಿದೆ.

ಸ್ಕ್ಯಾನು ಮಾಡಿದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಪದರ ಇರುತ್ತವೆ, ಒಂದೊಂದನ್ನೇ ಬಿಡಿಸಿ ನೋಡಬಹುದು. ನೇರಳೆ ಬಣ್ಣ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಹಸಿರು ಪದರದಲ್ಲಿ ಈ ಶಾಯಿ ಎದ್ದು ಕಾಣುತ್ತದೆ. ಬರಿಗಣ್ಣಿಗೆ ಕಾಣದ ಎಷ್ಟೋ ದೀರ್ಘ, ಎಷ್ಟೋ ಒತ್ತು ನನಗೆ ಸಿಕ್ಕಿದ್ದು ಹಾಗೆ. ಈ ಅಕ್ಷರ ಅಲ್ಲೂ ಬಾಯಿ ಬಿಡಲಿಲ್ಲ. ಅಥವಾ ಬಾಯಿ ಬಿಟ್ಟೇ ಇತ್ತು, ಅದೇ ಅಲ್ಲವೇ ಜಗಳ!

ಇನ್ನೊಂದು ದಾರಿ, ಬರೆದವರ ಕೈಯನ್ನೇ ಕೇಳುವುದು. ಒಬ್ಬರ ಬರಹದಲ್ಲಿ ಅನುಮಾನ ಬಂದರೆ ಅದೇ ಅಕ್ಷರವನ್ನು ಅವರು ಬೇರೆ ಕಡೆ ಹೇಗೆ ಬರೆದಿದ್ದಾರೆ ಎಂದು ಹುಡುಕಿ, ಕತ್ತರಿಸಿ, ಒಂದರ ಪಕ್ಕ ಒಂದು ಇಡುತ್ತೇವೆ. ಆ ಒಬ್ಬ ಮನುಷ್ಯನಿಗಾಗಿಯೇ ಒಂದು ವರ್ಣಮಾಲೆ ಸಿದ್ಧವಾಗುತ್ತದೆ. ನಿನ್ನ ಮುತ್ತಜ್ಜಿಯ ಅಣ್ಣನ ‘ಸ’ ಮತ್ತು ‘ನ’ ನನಗೀಗ ಕತ್ತಲಲ್ಲೂ ಗೊತ್ತು. ಕಾಗದದ ಕೊನೆಯ ‘ಇತಿ ಆಶೀರ್ವಾದಗಳು’ ಎಂಬಲ್ಲಿ ‘ತಿ’ ಸುಂದರವಾಗಿ ಗುಂಡಗೆ ಮುಚ್ಚಿದೆ. ಆದರೆ ಅದು ನಿಧಾನವಾಗಿ, ಸಹಿ ಹಾಕುವ ಹದದಲ್ಲಿ ಬರೆದದ್ದು. ನಡುವೆ ಅವಸರದಲ್ಲಿ ಬರೆದ ‘ಪ್ರತಿ’ಯಲ್ಲಿ ಅವರದೇ ಗುಡಿಸು ಬಾಯಿ ತೆರೆದು ನಿಂತಿದೆ, ಅದು ‘ಪ್ರತೆ’ ಅಲ್ಲ ಎಂದು ನಾವು ಹೇಳುವುದು ಅರ್ಥದಿಂದ. ಅಂದರೆ ಈ ಕೈಗೆ ತೆರೆದ ಗುಡಿಸಿನ ಅಭ್ಯಾಸ ಇದೆ. ಹಾಗಾಗಿ ತೆರೆದ ಬಾಯಿ ಕಂಡರೂ ಅದು ಎತ್ವವೇ ಎನ್ನುವಂತಿಲ್ಲ. ಸಾಕ್ಷಿಯೇ ಎರಡು ನಾಲಿಗೆಯದ್ದಾದರೆ ಏನು ಮಾಡುತ್ತೀಯ?

ಗುಂಪಿನ ಇನ್ನೊಬ್ಬರಿಗೆ ನಿಮ್ಮ ಮನೆಯ ಕಥೆ ಏನೂ ಹೇಳದೆ ಆ ಪುಟ ಕೊಟ್ಟೆ. ಇದು ನಮ್ಮಲ್ಲಿ ರೂಢಿ. ಇಬ್ಬರು ಬೇರೆಬೇರೆಯಾಗಿ ಟೈಪು ಮಾಡಿ ಆಮೇಲೆ ತಾಳೆ ನೋಡುವುದು. ಅವರು ಏನೂ ಅನುಮಾನವಿಲ್ಲದೆ ‘ಅತ್ತೆಗೆ’ ಎಂದು ಟೈಪು ಮಾಡಿ ಕಳಿಸಿದರು. ಅವರಿಗೆ ಸೊಸೆ ಮತ್ತು ಅತ್ತೆಯ ಕಥೆ ಸಹಜವಾಗಿ ಬಂತು, ನಿನಗೆ ಅತ್ತಿಗೆಯ ಕಥೆ ಸಹಜವಾಗಿ ಬಂತು. ಶಾಯಿ ಸುಮ್ಮನೆ ಇದ್ದಲ್ಲೇ ಇದೆ.

ಟೈಪು ಮಾಡುವಾಗ ಒಂದು ವಿಚಿತ್ರ ಆಯಿತು, ಕೇಳು. ನನಗೆ ‘ತ್ತ’ದಲ್ಲಿ ಅನುಮಾನ ಇಲ್ಲ, ಒತ್ತಿನಲ್ಲೂ ಇಲ್ಲ. ಅನುಮಾನ ಇರುವುದು ಗುಡಿಸಿನಲ್ಲಿ ಮಾತ್ರ. ಅದೊಂದನ್ನೇ ಆವರಣದಲ್ಲಿ ಹಾಕೋಣ ಎಂದು ಹೋದರೆ ಕಂಪ್ಯೂಟರು ಬಿಡುವುದಿಲ್ಲ. ಸ್ವರಚಿಹ್ನೆಯನ್ನು ವ್ಯಂಜನದಿಂದ ಬಿಡಿಸಿ ಟೈಪು ಮಾಡಿದರೆ ಅದು ಒಂಟಿಯಾಗಿ ನಿಲ್ಲಲಾರದೆ ಚುಕ್ಕೆಚುಕ್ಕೆಯ ಒಂದು ವೃತ್ತವನ್ನು ತಾನೇ ತಂದು ಅದರ ಮೇಲೆ ಕೂರುತ್ತದೆ. ಅದಕ್ಕೇ ಇಡೀ ಪದಕ್ಕೆ ಆವರಣ ಹಾಕಿ ಅಡಿಟಿಪ್ಪಣಿಯಲ್ಲಿ ‘ಅತ್ತೆಗೆ ಎಂದೂ ಓದಬಹುದು’ ಎಂದು ಬರೆದದ್ದು. ನನ್ನ ಅನುಮಾನ ಒಂದು ಅಕ್ಷರಕ್ಕಿಂತ ಚಿಕ್ಕದು, ಅದನ್ನು ತೋರಿಸುವ ಆವರಣ ಒಂದು ಪದದಷ್ಟು ದೊಡ್ಡದು. ನಿನಗೆ ‘ಇಷ್ಟೊಂದು’ ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ಸಂವತ್ಸರದ ವಿಷಯ. ಕಾಗದದ ತಲೆಯಲ್ಲಿ ಇಸವಿ ಇಲ್ಲ, ಸಂವತ್ಸರ ಇದೆ. ಅದೂ ಸರಿಯಾಗಿ ಮಡಿಕೆಯ ಗೆರೆಯ ಮೇಲೆ. ಕಾಣುವುದು ‘ದುಮ’, ಆಮೇಲೆ ಸವೆದ ಜಾಗ, ಆಮೇಲೆ ‘೯’, ಆಮೇಲೆ ಗುಡಿಸು ಇರುವ ಯಾವುದೋ ಒಂದು ಅಕ್ಷರದ ಮೇಲ್ಭಾಗ. ಆ ‘೯’ ಅಂಕಿಯಲ್ಲ, ಅರ್ಕಾವತ್ತು. ಹಿಂದಿನವರು ‘ಧರ್ಮ’ವನ್ನು ‘ಧಮ೯’ ಎಂದೇ ಹೆಚ್ಚಾಗಿ ಬರೆಯುತ್ತಿದ್ದರು, ಮೊದಲು ಉಚ್ಚರಿಸುವ ರಕಾರವನ್ನು ಆಮೇಲೆ ಹಾಕಿ. ನಿನ್ನ ಮನೆಯಲ್ಲಿ ಹಿಂದೆ ಯಾರೋ ಪೆನ್ಸಿಲಿನಲ್ಲಿ ಅದರ ಪಕ್ಕ ‘9ನೇ ತಾರೀಕು’ ಎಂದು ಗೀಚಿದ್ದಾರಲ್ಲ, ಅದು ಈ ೯ ಮಾಡಿದ ಮೋಸ.

ಅರವತ್ತು ಸಂವತ್ಸರಗಳಲ್ಲಿ ಈ ಆಕಾರಕ್ಕೆ ಹೊಂದುವುದು ಎರಡು: ದುರ್ಮತಿ ಮತ್ತು ದುರ್ಮುಖಿ. ಎರಡರಲ್ಲೂ ಅರ್ಕಾವತ್ತು ಇದೆ, ಎರಡರ ಕೊನೆಯಲ್ಲೂ ಗುಡಿಸು ಇದೆ. ‘ಮು’ವಿನ ಕೊಂಬು ಇದ್ದಿದ್ದರೆ ತೀರ್ಮಾನವಾಗುತ್ತಿತ್ತು, ಆ ಕೊಂಬು ಇರಬೇಕಾದ ಜಾಗದಲ್ಲೇ ಕಾಗದ ಸವೆದಿದೆ. ದುರ್ಮತಿ ಆದರೆ 1921. ದುರ್ಮುಖಿ ಆದರೆ 1896, ಇಲ್ಲವೇ 1956. ಲಕೋಟೆ ಉಳಿದಿದ್ದರೆ ಅಂಚೆ ಮುದ್ರೆ ನೋಡಿ ಮುಗಿಸಬಹುದಿತ್ತು. ಉಳಿದಿಲ್ಲ.

ಆದರೆ ಸಂವತ್ಸರದ ಮುಂದೆ ‘ಶ್ರಾವಣ ಶು|| ೫ ಸೋಮವಾರ’ ಎಂದು ಸ್ಪಷ್ಟವಾಗಿದೆ. ಮೊದಲು ‘ಸೋಮವಾರ’ವನ್ನೂ ಅನುಮಾನದಿಂದಲೇ ನೋಡಿದೆ, ಏಕೆಂದರೆ ಹಳಬರು ಬುಧವಾರಕ್ಕೆ ‘ಸೌಮ್ಯವಾರ’ ಎಂದು ಬರೆಯುವುದುಂಟು. ಇಲ್ಲಿ ಮಕಾರಕ್ಕೆ ಯ-ಒತ್ತು ಇಲ್ಲ, ಶಾಯಿ ತುಂಬಿ ಬರೆದಿದೆ, ಸೋಮವಾರವೇ. ತಿಥಿ ಚಂದ್ರನ ಲೆಕ್ಕ, ವಾರ ಏಳೇಳು ದಿನ ಎಣಿಸಿಕೊಂಡು ಹೋಗುವ ಲೆಕ್ಕ, ಒಂದಕ್ಕೊಂದು ಸಂಬಂಧವಿಲ್ಲ. ಹಾಗಾಗಿ ಶ್ರಾವಣ ಶುದ್ಧ ಪಂಚಮಿ ಯಾವ ವರ್ಷ ಯಾವ ವಾರ ಬಂತು ಎಂದು ನೋಡಿದರೆ ಮೂರರಲ್ಲಿ ಒಂದು ಉಳಿಯಬೇಕು.

1896ರಲ್ಲಿ ಶ್ರಾವಣದ ಹಿಂದಿನ ಅಮಾವಾಸ್ಯೆಯ ದಿನ ಗೊತ್ತುಮಾಡುವುದು ಸುಲಭ. ಅಂದು, ಆಗಸ್ಟ್ 9ರಂದು, ನಾರ್ವೆ, ಸೈಬೀರಿಯಾ, ಜಪಾನಿನ ಕಡೆ ಪೂರ್ಣ ಸೂರ್ಯಗ್ರಹಣ ಆಗಿತ್ತು, ಗ್ರಹಣ ಆದ ಮೇಲೆ ಅಮಾವಾಸ್ಯೆಯಲ್ಲಿ ಅನುಮಾನವೇನು? ಅದು ಭಾನುವಾರ. ಅಲ್ಲಿಂದ ಎಣಿಸಿದರೆ ಪಂಚಮಿ ವಾರದ ಕೊನೆಯ ಕಡೆಗೆ ಬೀಳುತ್ತದೆ, ಸೋಮವಾರದ ಹತ್ತಿರಕ್ಕೂ ಬರುವುದಿಲ್ಲ. 1956ರಲ್ಲಿ ಅಮಾವಾಸ್ಯೆ ಆಗಸ್ಟ್ 6, ಸೋಮವಾರ, ಪಂಚಮಿ ಶನಿವಾರ. 1921ರಲ್ಲಿ ಅಮಾವಾಸ್ಯೆ ಆಗಸ್ಟ್ 3ರ ರಾತ್ರಿ ಕಳೆದು 4ರ ನಸುಕಿನಲ್ಲಿ ಮುಗಿದಿದೆ. ಗುರುವಾರ ಪಾಡ್ಯ, ಶುಕ್ರ ಬಿದಿಗೆ, ಶನಿ ತದಿಗೆ, ಭಾನು ಚೌತಿ, ಸೋಮವಾರ ಪಂಚಮಿ. 1921ರ ಆಗಸ್ಟ್ 8.

ಎರಡು ಅಕ್ಷರ ಸವೆದುಹೋದದ್ದನ್ನು ಚಂದ್ರ ಬಂದು ಓದಿಕೊಟ್ಟ. ನನಗೆ ಇದು ಈಗಲೂ ಪೂರ್ತಿ ನಂಬಿಕೆಯಾಗುವುದಿಲ್ಲ. ತೀರ್ಥಹಳ್ಳಿಯ ಕಡೆಯ ಒಂದು ಮಳೆಮನೆಯಲ್ಲಿ ಕೂತು ಒಬ್ಬರು ತಂಗಿಗೆ ಕಾಗದ ಬರೆಯುವ ಮುಂಚೆ ಗೋಡೆಯ ಪಂಚಾಂಗ ನೋಡಿ ತಿಥಿ ವಾರ ಹಾಕಿದರು, ಅಷ್ಟೇ. ಅದು ಅವರಿಗೆ ಶಿಷ್ಟಾಚಾರ. ಅವರ ಕೈ ತಪ್ಪಿದರೂ, ಕಾಗದ ಹರಿದರೂ, ಆ ದಿನ ಆಕಾಶದಲ್ಲಿ ಚಂದ್ರ ಸೂರ್ಯನಿಂದ ಎಷ್ಟು ದೂರ ಇದ್ದ ಎಂಬುದು ಮಾತ್ರ ಯಾರ ಪೆಟ್ಟಿಗೆಯಲ್ಲೂ ಇಡದೆ, ಇರುವೆ ಗೆದ್ದಲಿನ ಭಯವಿಲ್ಲದೆ ಹಾಗೇ ಉಳಿದಿದೆ. ಮೇಲಾಗಿ ಅದು ನಾಗರಪಂಚಮಿ. ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹಾಲೆರೆಯುವ ಹಬ್ಬ. ತಂಗಿ ಆ ವರ್ಷ ಹಬ್ಬಕ್ಕೆ ಬಂದಿರಲಿಲ್ಲ ಎಂದು ಕಾಗದ ಎಲ್ಲೂ ಹೇಳುವುದಿಲ್ಲ. ಬಂದಿದ್ದರೆ ಅಂದು ಕಾಗದ ಬರೆಯುವ ಅಗತ್ಯವೇ ಇರಲಿಲ್ಲ.

‘ಹಾಗಾದರೆ ದುರ್ಮತಿ ಎಂದೇ ಟೈಪು ಮಾಡಬಹುದಿತ್ತಲ್ಲ, ಅಲ್ಲೂ ಯಾಕೆ ಪ್ರಶ್ನಾರ್ಥಕ?’ ನೀನು ಕೇಳುತ್ತೀಯ ಎಂದು ಗೊತ್ತು. ವರ್ಷದ ಬಗ್ಗೆ ನನಗೆ ಅನುಮಾನ ಇಲ್ಲ. ಟಿಪ್ಪಣಿಯಲ್ಲಿ 8-8-1921 ಎಂದು ಧೈರ್ಯವಾಗಿ ಬರೆದಿದ್ದೇನೆ. ಆದರೆ ಸಾಲಿನ ಒಳಗೆ ನಾನು ಹೇಳುತ್ತಿರುವುದು ಕಾಗದದ ಮೇಲೆ ಏನು ಕಾಣುತ್ತದೆ ಎಂದು. ಅಲ್ಲಿ ‘ತಿ’ ಕಾಣುವುದಿಲ್ಲ. ನನಗೆ ಬೇರೆ ದಾರಿಯಿಂದ ತಿಳಿದದ್ದನ್ನು ನಾನು ಅಲ್ಲಿ ನೋಡಿದೆ ಎಂದು ಹೇಳಿದರೆ, ನಾಳೆ ಯಾರೋ ‘ನೋಡಿ, ಕಾಗದದಲ್ಲೇ ದುರ್ಮತಿ ಎಂದಿದೆ, ಪಂಚಾಂಗಕ್ಕೂ ತಾಳೆಯಾಗುತ್ತದೆ’ ಎಂದು ಎರಡು ಸಾಕ್ಷಿ ಎಣಿಸುತ್ತಾರೆ. ಇರುವುದು ಒಂದೇ ಸಾಕ್ಷಿ. ಒಂದನ್ನು ಎರಡು ಮಾಡಿ ತೋರಿಸುವುದು ನನ್ನಿಂದಾಗುವುದು ಬೇಡ.

ಅಡಿಕೆ ತೋಟದ ಭಾಗದಲ್ಲಿ ಗುರುತು ಕಡಿಮೆ ಇವೆ, ಅದಕ್ಕೆ ಬೇಗ ಮುಗಿಸುತ್ತೇನೆ. ‘ಮೈಲುತುತ್ತ [೩?] ಸೇರು ತರಿಸಿದೆ’ ಎಂದಿದೆಯಲ್ಲ, ಅದು ೬ ಕೂಡ ಇರಬಹುದು. ಕನ್ನಡದ ೩ರ ಬಾಲ ಕೆಳಗೆ ಸ್ವಲ್ಪ ಮುಂದುವರಿದು ಸುತ್ತಿದರೆ ೬. ಇಲ್ಲಿ ಬಾಲದ ತುದಿಯ ಮೇಲೆ ಒಂದು ನೀರಿನ ಹನಿ ಬಿದ್ದು ನೇರಳೆ ಹರಡಿದೆ. ಪದಗಳಲ್ಲಾದರೆ ಹಿಂದೆ ಮುಂದೆ ಇರುವುದು ಸಹಾಯಕ್ಕೆ ಬರುತ್ತದೆ. ಅಂಕಿಗೆ ಯಾವ ನೆರೆಯವರೂ ಸಾಕ್ಷಿ ಹೇಳುವುದಿಲ್ಲ, ಮೂರೂ ಸರಿ, ಆರೂ ಸರಿ. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮದ್ದು ಹೊಡೆಯುವುದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ರೂಢಿಗೆ ತರಲು ಹೊರಟದ್ದು, ಆ ರೋಗದ ಮೇಲೆ ಅವರ ಪುಸ್ತಿಕೆ ಬಂದದ್ದು 1910ರ ಸುಮಾರಿಗೆ. ಹಾಗಾಗಿ 1921ರ ಶ್ರಾವಣದಲ್ಲಿ ‘ಬಿಸಿಲು ಬಿದ್ದರೆ ಎರಡನೇ ಮದ್ದು’ ಎನ್ನುವುದು ನಂಬುವಂಥದ್ದೇ. ಆದರೆ ಮೂರು ಸೇರಿನ ತೋಟವೋ, ಆರು ಸೇರಿನ ತೋಟವೋ? ನಿಮ್ಮ ಮನೆಯ ಹಳೆಯ ತೋಟ ಅರ್ಧ ಆಗುವುದೂ ಎರಡರಷ್ಟಾಗುವುದೂ ಆ ಬಾಲದಲ್ಲಿದೆ.

ಅಲ್ಲೇ ಕೆಳಗೆ ‘ಹಾಳೆ ಇದ್ದಷ್ಟು ಕೊಟ್ಟೆ’ ಎಂಬ ಸಾಲು. ಮದ್ದು ಬರುವ ಮೊದಲು, ಬಂದ ಮೇಲೂ ಬಹಳ ಕಾಲ, ಮಳೆ ತಾಗದಂತೆ ಅಡಿಕೆ ಗೊನೆಗೆ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು. ಇಲ್ಲಿ ಅವರು ಹಾಳೆಯನ್ನು ಯಾರಿಗೋ ಕೊಟ್ಟರೋ, ಇದ್ದ ಹಾಳೆಯಷ್ಟೇ ಕೊಟ್ಟೆ ಆಯಿತು ಎಂದರೋ ಗೊತ್ತಾಗುವುದಿಲ್ಲ. ಇದಕ್ಕೆ ನಾನು ಗುರುತು ಹಾಕಿಲ್ಲ, ಗಮನಿಸಿದೆಯಾ? ಅಕ್ಷರ ಕನ್ನಡಿಯಷ್ಟು ಸ್ವಚ್ಛ. ಅರ್ಥ ತಿಳಿಯದಿರುವುದು ನಮ್ಮ ಪಾಡು, ಶಾಯಿಯದ್ದಲ್ಲ. ಟೈಪು ಮಾಡುವವಳು ಅದರಲ್ಲಿ ಕೈ ಹಾಕಬಾರದು.

ಇಷ್ಟೆಲ್ಲ ನೋಡುತ್ತ ಕೂತಾಗ ಒಂದು ಯೋಚನೆ ಬಂತು, ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ. ಈ ಕಾಗದದಲ್ಲಿ ಅತ್ಯಂತ ಸ್ಪಷ್ಟವಾಗಿ, ನಿಧಾನವಾಗಿ ಬರೆದಿರುವುದು ಯಾವುದು ಗೊತ್ತಾ? ವಿಳಾಸದ ಸಾಲು, ಉಭಯಕುಶಲೋಪರಿ, ಆಶೀರ್ವಾದ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಬರೆಯಬಹುದಾದ ಮಾತುಗಳು. ಅಸ್ಪಷ್ಟವಾಗಿರುವುದು ಅವರಿಬ್ಬರ ನಡುವಿನದ್ದು ಮಾತ್ರ. ತೋಟದ ಒಂದು ಮೂಲೆಯ ಹೆಸರು, ಒಂದು ದನದ ಹೆಸರು ಇರಬೇಕು ಎನ್ನಿಸುವ ಮೂರು ಅಕ್ಷರ, ಆ ಅತ್ತಿಗೆಯೋ ಅತ್ತೆಯೋ. ಕಾಗದ ಹಳೆಯದಾದದ್ದಕ್ಕೆ ಮಾತ್ರ ಹೀಗಾಗಿಲ್ಲ. ಬರೆಯುವಾಗಲೇ ಅವು ಅರ್ಧ ಬರೆದವು. ತಂಗಿಗೆ ಗೊತ್ತಿರುವುದನ್ನು ತಿದ್ದಿ ತೀಡಿ ಬರೆಯುವ ಅಗತ್ಯ ಅಣ್ಣನಿಗೆ ಇರಲಿಲ್ಲ. ಅವಳು ಯಾರಿಗೆ ಏನು ಹೇಳಿದ್ದಳು, ಅವಳಿಗೆ ಯಾರು ಏನು ಹೇಳಿದ್ದರು ಎನ್ನುವುದು ಅವಳಿಗೆ ಗೊತ್ತು. ಗುಡಿಸು ಮುಚ್ಚಿದರೂ ಒಂದೇ, ತೆರೆದರೂ ಒಂದೇ.

ಆಮೇಲೆ ನೀನು ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಮುತ್ತಜ್ಜಿ ಓದಲು ಕಲಿತದ್ದು ಮಕ್ಕಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ, ಅವರ ಜೊತೆ ಸ್ಲೇಟು ಹಿಡಿದು. ಹಾಗಾದರೆ 1921ರಲ್ಲಿ ಈ ಕಾಗದವನ್ನು ಅವರಿಗೆ ಯಾರೋ ಓದಿ ಹೇಳಿದ್ದಾರೆ. ಮೈದುನನೋ, ಮಾವನೋ, ಅಂಚೆಯವನೋ. ಅವರ ಗಂಡನ ಮನೆಯ ಜಗುಲಿಯಲ್ಲಿ, ಪ್ರಾಯಶಃ ಅತ್ತೆಯೂ ಕೇಳಿಸಿಕೊಳ್ಳುತ್ತಿರುವಾಗ. ಓದುವವರು ಆ ಪದಕ್ಕೆ ಬಂದಾಗ ನನ್ನ ಹಾಗೆ ಆವರಣ ಹಾಕಿ ಮುಂದೆ ಹೋಗುವಂತಿರಲಿಲ್ಲ. ಗಟ್ಟಿಯಾಗಿ ಒಂದನ್ನು ಹೇಳಲೇಬೇಕಿತ್ತು. ಅತ್ತಿಗೆ ಎಂದರೋ, ಅತ್ತೆಗೆ ಎಂದರೋ! ಒಂದಾದರೆ ಅತ್ತೆಯ ಎದುರೇ ತವರಿನ ಗುಟ್ಟೊಂದು ಇದೆ ಎಂದು ಬಯಲಾಯಿತು. ಇನ್ನೊಂದಾದರೆ ಅತ್ತೆಯ ಎದುರೇ, ನಮ್ಮ ಹುಡುಗಿ ಮಾತಿಗೆ ತಪ್ಪುವುದಿಲ್ಲ ಎಂದು ಅಣ್ಣ ಭರವಸೆ ಕೊಟ್ಟ ಹಾಗಾಯಿತು. ಆ ‘ಮಾತು’ ಯಾವುದೆಂದು ಮಾತ್ರ ಕಾಗದ ಬಿಟ್ಟುಕೊಡುವುದಿಲ್ಲ. ಅಣ್ಣ ಜಾಣ, ಓದುವವರು ಬೇರೆ ಇರುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ಗುಡಿಸನ್ನು ತೆರೆದು ಬಿಟ್ಟರು ಎನ್ನುವವರೆಗೆ ನಾನು ಹೋಗುವುದಿಲ್ಲ. ಅದು ಒಣ ಕಡ್ಡಿಯ ಕೆಲಸ ಎಂದೇ ನನ್ನ ತೀರ್ಮಾನ. ಆದರೆ ಜಗುಲಿಯಲ್ಲಿ ಕೂತು ಕೇಳಿದವರಲ್ಲಿ ಒಬ್ಬರಿಗೆ ಮಾತ್ರ, ಓದಿದವರು ಸರಿ ಓದಿದರೋ ತಪ್ಪು ಓದಿದರೋ ಎಂದು ಆ ಕ್ಷಣವೇ ಗೊತ್ತಾಗಿರುತ್ತದೆ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬರುವ ನಾವು ನೂರು ವರ್ಷದ ಮೇಲೆ ಹಸಿರು ಪದರ ಬಿಡಿಸಿ ನೋಡುತ್ತ ಕೂತಿದ್ದೇವೆ.

ನೀನು ಪ್ರಶ್ನಾರ್ಥಕ ತೆಗೆದು ‘ಅತ್ತಿಗೆ’ ಎಂದೇ ಮನೆಯವರಿಗೆಲ್ಲ ಹಂಚುತ್ತೇನೆ ಎಂದರೆ ನಾನು ತಡೆಯಲಾರೆ, ಕಾಗದ ನಿಮ್ಮದು. ನಮ್ಮ ಗುಂಪಿನ ಪ್ರತಿಯಲ್ಲಿ ಮಾತ್ರ ಅದು ಹಾಗೇ ಇರುತ್ತದೆ. ಅತ್ತಿಗೆಯ ಕಡೆಯ ಮೊಮ್ಮಕ್ಕಳೂ ಎಲ್ಲೋ ಇದ್ದಾರಲ್ಲ, ಅವರ ಮನೆಯ ಕಥೆ ಏನು ಹೇಳುತ್ತದೋ ಒಮ್ಮೆ ಕೇಳಿ ನೋಡು.

ಅವರ ಮನೆಯ ಅಟ್ಟದಲ್ಲಿ ಇದೇ ಕೈಬರಹದ ಬೇರೆ ಕಾಗದ, ಲೆಕ್ಕದ ಪುಸ್ತಕ ಏನಾದರೂ ಇದ್ದರೆ ಬಹಳ ಉಪಕಾರವಾಗುತ್ತದೆ. ನನಗೆ ಬೇಕಾದದ್ದು ‘ತ್ತಿ’ ಮತ್ತು ‘ತ್ತೆ’ ಅವಸರದಲ್ಲಿ ಬರೆದ ಸಾಲುಗಳು: ಹತ್ತಿ, ಬುತ್ತಿ, ಕತ್ತೆ, ಮತ್ತೆ, ಏನಾದರೂ ಸರಿ. ಎತ್ವವನ್ನು ಅವರು ಎಂದೂ ಅಷ್ಟು ಸುತ್ತುವುದಿಲ್ಲ ಎಂದು ಗೊತ್ತಾದರೆ ನೀನು ಗೆದ್ದೆ. ಫೋಟೋ ತೆಗೆಯುವಾಗ ಮೊಬೈಲಿನ ಫ್ಲ್ಯಾಶ್ ಹಾಕಬೇಡ. ಕಿಟಕಿಯ ಪಕ್ಕ ಕಾಗದವನ್ನು ಚಪ್ಪಟೆ ಇಟ್ಟು, ಬೆಳಕು ಪಕ್ಕದಿಂದ ಓರೆಯಾಗಿ ಬೀಳುವ ಹಾಗೆ ಒಂದು ತೆಗೆ. ಆಗ ಶಾಯಿ ಇಲ್ಲದ ಕಡೆಯೂ ಕಡ್ಡಿಯ ಮುಳ್ಳು ಕಾಗದವನ್ನು ಗೀರಿದ ಗೆರೆಯ ನೆರಳು ಬೀಳುತ್ತದೆ. ನಮ್ಮ ಕಾಗದವನ್ನೂ ಹಾಗೇ ಇನ್ನೊಮ್ಮೆ ತೆಗೆದು ಕಳಿಸು. ನೀನು ಕೊಟ್ಟ ಸ್ಕ್ಯಾನಿನಲ್ಲಿ ಬೆಳಕು ನೇರವಾಗಿ ಬಿದ್ದಿದೆ, ಗೀರು ಇದ್ದರೂ ಕಾಣುವುದಿಲ್ಲ. ಮಡಿಕೆಯನ್ನು ಬಿಡಿಸುವಾಗ ನಿಧಾನ. ಹರಿದ ಕಡೆ ಟೇಪು ಮಾತ್ರ ಅಂಟಿಸಬೇಡ ಮಾರಾಯ್ತಿ.